ಪರದೆ ಆರಿದಾಗ ಹಾಟ್‌ಸ್ಪಾಟ್ ನಿಲ್ಲುವುದೇಕೆ?

ಮೊಬೈಲ್ ಫೋನಿಗೆ ದೊರೆಯುವ ಇಂಟರ್‌ನೆಟ್ ಸಂಪರ್ಕವನ್ನು ವೈಫೈ ಮೂಲಕ ಮತ್ತೊಂದು ಯಂತ್ರಕ್ಕೆ ಹಂಚಿಕೊಡುವ ವ್ಯವಸ್ಥೆಗೆ ಹಾಟ್‌ಸ್ಪಾಟ್ ಎಂದು ಹೆಸರು. ಲ್ಯಾಪ್‌ಟಾಪಿನಲ್ಲಿ ಶಾಲೆಯ ಕೆಲಸ ಮಾಡುವ ಅಧ್ಯಾಪಕರಿಗೆ ಇದು ನಿತ್ಯದ ಬಳಕೆಯ ಸಾಧನ. ಆದರೆ ಫೋನಿನ ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಟ್‌ಸ್ಪಾಟ್ ಕೂಡ ನಿಂತುಹೋಗುತ್ತದೆಂಬ ದೂರು ಆಗಾಗ ಕೇಳಿಬರುತ್ತದೆ. ಈ ದೂರಿನಲ್ಲಿ ಕಣ್ಣಿಗೆ ಕಂಡದ್ದು ನಿಜ. ಅದಕ್ಕೆ ಊಹಿಸಿಕೊಂಡ ಕಾರಣವು ಮಾತ್ರ ಬಹುಮಟ್ಟಿಗೆ ನಿಜವಲ್ಲ. ಅದು ಹೇಗೆಂಬುದನ್ನು ಒಂದು ಪ್ರಸಂಗದ ಮೂಲಕ ಪರಿಶೀಲಿಸೋಣ.

ಪ್ರಸಂಗ

ಹತ್ತನೆಯ ತರಗತಿಯ ವಿದ್ಯಾರ್ಥಿಗಳ ವಿವರಗಳನ್ನು ಪರೀಕ್ಷಾ ನೋಂದಣಿಗಾಗಿ ಕಳುಹಿಸುವ ಕೊನೆಯ ದಿನ. ಅಧ್ಯಾಪಕರೊಬ್ಬರು ತಮ್ಮ ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪನ್ನು ಜೋಡಿಸಿ ಕೆಲಸ ಮಾಡುತ್ತಿದ್ದರು. ಮೂವರು ಮಕ್ಕಳ ಜನ್ಮದಿನಾಂಕದಲ್ಲಿ ಸಂದೇಹ ಬಂದುದರಿಂದ ಹಳೆಯ ದಾಖಲಾತಿ ರಿಜಿಸ್ಟರನ್ನು ಹುಡುಕಲು ಎದ್ದುಹೋದರು. ಇಪ್ಪತ್ತು ನಿಮಿಷಗಳ ಮೇಲೆ ಬಂದು ನೋಡಿದರೆ ಫೋನಿನ ಪರದೆ ಆರಿತ್ತು, ಸಂಪರ್ಕವೂ ಇರಲಿಲ್ಲ. ಇದನ್ನರಿಯದೆ ಆ ಮೂವರ ವಿವರಗಳನ್ನು ತುಂಬಿ ಕಳುಹಿಸುವ ಗುಂಡಿ ಒತ್ತಿದರು, ಅವು ತಲುಪಲಿಲ್ಲ. ಸಂಜೆ ರಿಜಿಸ್ಟರಿನೊಡನೆ ಎಣಿಕೆಯನ್ನು ತಾಳೆ ನೋಡಿದ್ದರಿಂದ ಲೋಪವು ಬೆಳಕಿಗೆ ಬಂದು, ಅವಧಿ ಮುಗಿಯುವ ಮುನ್ನ ಸರಿಹೋಯಿತು. ತಾಳೆ ನೋಡದೆ ಹೋಗಿದ್ದರೆ ಮೂವರು ಮಕ್ಕಳ ನೋಂದಣಿಯೇ ತಪ್ಪುತ್ತಿತ್ತು.

ಅವರು ಮೊದಲು ಮಾಡಿದ ಉಪಾಯವೆಂದರೆ, ಅರ್ಧ ನಿಮಿಷಕ್ಕೆ ಆರುತ್ತಿದ್ದ ಫೋನಿನ ಪರದೆಯನ್ನು ಹತ್ತು ನಿಮಿಷ ಉರಿಯುವಂತೆ ಮಾಡಿದ್ದು. ಅದರಿಂದ ಪ್ರಯೋಜನವಾಗಲಿಲ್ಲ. ಕೆಲವು ದಿನ ಹಾಟ್‌ಸ್ಪಾಟ್ ನಿಲ್ಲುತ್ತಿತ್ತು, ಕೆಲವು ದಿನ ನಿಲ್ಲುತ್ತಿರಲಿಲ್ಲ. ಕೊನೆಗೆ ಅವರ ಗಮನಕ್ಕೆ ಬಂದ ಸಂಗತಿ ಇದು: ಕರೆಂಟು ಹೋದ ದಿನಗಳಲ್ಲಿ ಮಾತ್ರ ಈ ತೊಂದರೆ ಕಾಣಿಸಿಕೊಳ್ಳುತ್ತಿತ್ತು.

ಆತಿಥೇಯನ ಜಾಗರಣೆ

ಇದರ ಮರ್ಮವನ್ನು ತಿಳಿಯಲು ಹಾಟ್‌ಸ್ಪಾಟಿನ ಸ್ವಭಾವವನ್ನು ಅರಿಯಬೇಕು. ಫೋನು ಮತ್ತೊಂದು ವೈಫೈಗೆ ತಾನು ಅತಿಥಿಯಾಗಿ ಸೇರಿಕೊಂಡಾಗ, ಕೆಲಸವಿಲ್ಲದ ವೇಳೆಯಲ್ಲಿ ತನ್ನ ವೈಫೈ ರೇಡಿಯೋವನ್ನು ಮಲಗಿಸಿ, ನಿಯತ ಕಾಲಕ್ಕೆ ಎಚ್ಚರಿಸಿಕೊಳ್ಳಬಹುದು. ತಾನೇ ಹಾಟ್‌ಸ್ಪಾಟ್ ಆದಾಗ ಅದು ಆತಿಥೇಯನ ಸ್ಥಾನಕ್ಕೆ ಬರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 10 ಬಾರಿ ತನ್ನ ಹೆಸರನ್ನು ಸಾರುವ ಸಂಕೇತವನ್ನು ಬಿತ್ತರಿಸುತ್ತಿರಬೇಕು. ಯಾವ ಕ್ಷಣದಲ್ಲಿ ಯಾರು ಕರೆದರೂ ಓಗೊಡಬೇಕು. ದಾಸೋಹದ ಮನೆಯಲ್ಲಿ ಬಂದವರು ಉಂಡು ವಿಶ್ರಮಿಸಬಹುದು, ಒಲೆ ಕಾಯುವವನಿಗೆ ಮಾತ್ರ ನಿದ್ರೆಯಿಲ್ಲ. ಹಾಟ್‌ಸ್ಪಾಟಿನ ಪಾಡೂ ಅಂತಹುದೇ. ಪರದೆ ಆರಿದ್ದರೂ ಬ್ಯಾಟರಿ ಕರಗುತ್ತಿರುವುದು ಈ ಕಾರಣದಿಂದಲೇ.

ಅತಿಥಿಗಳೇ ಇಲ್ಲದಿರುವಾಗ ಒಲೆ ಉರಿಸುವುದು ವ್ಯರ್ಥವಷ್ಟೆ. ಆದುದರಿಂದ ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ಗಡುವನ್ನು ಇರಿಸಲಾಗಿದೆ. ಯಾವ ಯಂತ್ರವೂ ಜೋಡಣೆಯಲ್ಲಿರದೆ ನಿಗದಿಯಾದಷ್ಟು ನಿಮಿಷಗಳು ಕಳೆದರೆ, ಅನೇಕ ಫೋನುಗಳಲ್ಲಿ 10 ನಿಮಿಷಗಳಾದರೆ, ಹಾಟ್‌ಸ್ಪಾಟ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಈ ಗಡುವು ಎಣಿಸುವುದು ಅತಿಥಿಗಳನ್ನು, ಫೋನಿನ ಪರದೆಯನ್ನಲ್ಲ.

ಈಗ ಮೇಲಿನ ಪ್ರಸಂಗದ ಲೆಕ್ಕ ಬಿಡಿಸುವುದು ಸುಲಭ. ಆ ಲ್ಯಾಪ್‌ಟಾಪು ಕರೆಂಟಿನಲ್ಲಿರುವಾಗ ಎಂದೂ ಮಲಗದಂತೆಯೂ, ಬ್ಯಾಟರಿಯಲ್ಲಿರುವಾಗ 5 ನಿಮಿಷ ಮುಟ್ಟದಿದ್ದರೆ ಮಲಗುವಂತೆಯೂ ಏರ್ಪಾಡಾಗಿತ್ತು. ಕರೆಂಟು ಹೋದ ದಿನ ಅಧ್ಯಾಪಕರು ಎದ್ದುಹೋದ 5ನೆಯ ನಿಮಿಷಕ್ಕೆ ಲ್ಯಾಪ್‌ಟಾಪು ಮಲಗಿ ವೈಫೈಯನ್ನು ಬಿಟ್ಟಿತು. ಅತಿಥಿ ಹೋದೊಡನೆ ಫೋನಿನ ಗಡುವು ಆರಂಭವಾಗಿ, ಇನ್ನು 10 ನಿಮಿಷಕ್ಕೆ, ಅಂದರೆ ಒಟ್ಟು 15ನೆಯ ನಿಮಿಷಕ್ಕೆ, ಹಾಟ್‌ಸ್ಪಾಟ್ ಮುಚ್ಚಿತು. ಅವರು ಬಂದುದು 20ನೆಯ ನಿಮಿಷಕ್ಕೆ. ಮಲಗಿದ್ದು ಲ್ಯಾಪ್‌ಟಾಪಿನ ಪರದೆ. ಅಪವಾದ ಬಂದುದು ಫೋನಿನ ಪರದೆಗೆ.

ಪರೀಕ್ಷಿಸುವ ಬಗೆ

ಇದನ್ನು ಯಾರಾದರೂ ಎರಡು ಪ್ರಯೋಗಗಳಿಂದ ನಿರ್ಣಯಿಸಬಹುದು. ಮೊದಲನೆಯದಾಗಿ, ಫೋನಿನ ಪರದೆಯನ್ನು ಉರಿಯಗೊಟ್ಟು ಲ್ಯಾಪ್‌ಟಾಪನ್ನು ಮಲಗಿಸಿ ಕಾಲು ಗಂಟೆ ಕಾಯಬೇಕು. ಎರಡನೆಯದಾಗಿ, ಫೋನಿನ ಪರದೆಯನ್ನು ಆರಿಸಿ, ಲ್ಯಾಪ್‌ಟಾಪಿನಲ್ಲಿ ಅಷ್ಟೇ ಹೊತ್ತು ಎಡೆಬಿಡದೆ ಕೆಲಸ ಮಾಡಬೇಕು. ಮೊದಲನೆಯದರಲ್ಲಿ ಹಾಟ್‌ಸ್ಪಾಟ್ ನಿಂತು ಎರಡನೆಯದರಲ್ಲಿ ನಿಲ್ಲದಿದ್ದರೆ ಕಾರಣವು ಅತಿಥಿಯ ಗಡುವೇ. ಆ ಅಧ್ಯಾಪಕರ ಫೋನಿನಲ್ಲಿ ಕಂಡುಬಂದುದೂ ಹೀಗೆಯೇ.

ಎರಡನೆಯ ಪ್ರಯೋಗದಲ್ಲಿಯೂ ನಿಂತರೆ ಆಗ ಬ್ಯಾಟರಿ ಉಳಿತಾಯದ ಏರ್ಪಾಡುಗಳನ್ನು ಸಂಶಯಿಸಬೇಕು. ಇಲ್ಲಿ ಲ್ಯಾಪ್‌ಟಾಪಿನಲ್ಲಿ ಕಾಣುವ ಲಕ್ಷಣಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ವೈಫೈ ಪಟ್ಟಿಯಿಂದ ಫೋನಿನ ಹೆಸರೇ ಮಾಯವಾಗಿದ್ದರೆ ಹಾಟ್‌ಸ್ಪಾಟ್ ಮುಚ್ಚಿದೆ ಎಂದರ್ಥ. ಕೆಲವು ಫೋನುಗಳಲ್ಲಿ ಬ್ಯಾಟರಿ ಇಳಿದಾಗ ತಾನಾಗಿ ಜಾರಿಗೆ ಬರುವ ಉಳಿತಾಯ ಕ್ರಮವು ಹೀಗೆ ಮಾಡುತ್ತದೆ. ಹೆಸರು ಇದ್ದು, ಜೋಡಣೆಯೂ ಇದ್ದು, ಪುಟಗಳು ಮಾತ್ರ ತೆರೆಯದಿದ್ದರೆ, ಹಾಟ್‌ಸ್ಪಾಟ್ ನಡೆಯುತ್ತಿದೆ, ಅದರ ಹಿಂದಿನ ಮೊಬೈಲ್ ಡೇಟಾ ಕಡಿದಿದೆ. ಫೋನು ಲಾಕ್ ಆದ ಕೆಲವು ನಿಮಿಷಕ್ಕೆ ಮೊಬೈಲ್ ಡೇಟಾವನ್ನು ನಿಲ್ಲಿಸುವ ಏರ್ಪಾಡು ಕೆಲವು ಫೋನುಗಳ ಬ್ಯಾಟರಿ ವಿಭಾಗದಲ್ಲಿ ಅಡಗಿರುತ್ತದೆ. ಪರದೆಯ ಮೇಲಿನ ಅಪವಾದವು ನಿಜವಾಗುವುದು ಇಂತಹ ಸಂದರ್ಭದಲ್ಲಿ.

ಐಫೋನಿನ ರೀತಿ ತುಸು ಬೇರೆ. ಅದರಲ್ಲಿ ಅತಿಥಿ ಸೇರುವವರೆಗೆ ‘Personal Hotspot’ ಎಂಬ ಪುಟವನ್ನು ತೆರೆದಿಟ್ಟುಕೊಂಡೇ ಇರಬೇಕೆಂಬುದು ತಯಾರಕರ ಸಲಹೆ. ಸೇರಿದ ಮೇಲೆ ಪರದೆ ಆರಿದರೆ ಬಾಧಕವಿಲ್ಲ.

ಪರಿಹಾರ

ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ ‘Turn off hotspot automatically’ ಎಂಬ ಅಥವಾ ಅದೇ ಅರ್ಥದ ಆಯ್ಕೆಯಿರುತ್ತದೆ. ಕೆಲವು ಫೋನುಗಳಲ್ಲಿ ಅದನ್ನು ಆರಿಸಬಹುದು, ಕೆಲವುಗಳಲ್ಲಿ ನಿಮಿಷಗಳನ್ನು ಹೆಚ್ಚಿಸಬಹುದು. ಆರಿಸಿದವರು ಕೆಲಸ ಮುಗಿದಾಗ ಹಾಟ್‌ಸ್ಪಾಟನ್ನು ತಾವೇ ಮುಚ್ಚಲು ಮರೆಯಬಾರದು. ಮರೆತರೆ ಅತಿಥಿಯಿಲ್ಲದ ಒಲೆ ಉರಿಯುತ್ತಲೇ ಇರುತ್ತದೆ. ಇದಕ್ಕಿಂತ ಲೇಸಾದುದೆಂದರೆ, ಲ್ಯಾಪ್‌ಟಾಪು ಬ್ಯಾಟರಿಯಲ್ಲಿದ್ದಾಗ ಮಲಗುವ ಅವಧಿಯನ್ನು 30 ನಿಮಿಷಕ್ಕೆ ಏರಿಸುವುದು. ಅತಿಥಿ ಎಚ್ಚರವಿರುವವರೆಗೆ ಗಡುವು ಆರಂಭವಾಗುವುದೇ ಇಲ್ಲ.

ತಪ್ಪಬಾರದ ಕೆಲಸವಾದರೆ ಫೋನನ್ನು ಯುಎಸ್‌ಬಿ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ‘USB tethering’ ಎಂಬುದನ್ನು ಆರಿಸಿಕೊಳ್ಳಬಹುದು. ಆಗ ಫೋನು ವೈಫೈ ಬಿತ್ತರಿಸಬೇಕಾಗಿಲ್ಲ. ಫೋನಿಗೆ ಚಾರ್ಜೂ ದೊರೆಯುತ್ತದೆ. ಆದರೆ ಕರೆಂಟಿಲ್ಲದಾಗ ಆ ಭಾರವು ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಬೀಳುವುದೆಂಬುದನ್ನು ನೆನಪಿಡಬೇಕು.

ಆ ಅಧ್ಯಾಪಕರು ಲ್ಯಾಪ್‌ಟಾಪಿನ ಅವಧಿಯನ್ನು ಏರಿಸಿದರು. ಫೋನಿನ ಪರದೆಯನ್ನು ಮೊದಲಿನಂತೆ ಅರ್ಧ ನಿಮಿಷಕ್ಕೇ ಇಳಿಸಿದರು. ಅಂದಿನಿಂದ ಕರೆಂಟು ಹೋದ ದಿನವೂ ಸಂಪರ್ಕ ಕಡಿದಿಲ್ಲ. ಹಾಗಿದ್ದರೂ ಸಂಜೆ ರಿಜಿಸ್ಟರಿನೊಡನೆ ತಾಳೆ ನೋಡುವ ಪದ್ಧತಿಯನ್ನು ಅವರು ಬಿಟ್ಟಿಲ್ಲ.