ಹೊಗೆಯ ಹಾದಿ ಮತ್ತು ಪಟ್ಟಿಯ ಹಾದಿ

ಬನಹಟ್ಟಿಯಲ್ಲಿ ಮಗ್ಗದ ಮುಂದೆ ದುಡಿಯುತ್ತ ದಿನಕ್ಕೆ 20 ಸಿಗರೇಟು ಸೇದುವ ನೇಕಾರನೊಬ್ಬನಿರುವನೆಂದು ಭಾವಿಸೋಣ. ಒಂದು ಸಿಗರೇಟಿನಿಂದ ಸುಮಾರು 1 ಮಿಲಿಗ್ರಾಮಿನಷ್ಟು ನಿಕೋಟಿನ್ ಅವನ ರಕ್ತವನ್ನು ಸೇರುವದು. ಅಂದರೆ ದಿನಕ್ಕೆ 20. ಚಟ ಬಿಡಿಸಲು ವೈದ್ಯರು ತೊಗಲಿಗೆ ಅಂಟಿಸುವ ದೊಡ್ಡ ಪಟ್ಟಿಯೂ 24 ತಾಸುಗಳಲ್ಲಿ 21 ಮಿಲಿಗ್ರಾಮು ಕೊಡುವದು. ವಸ್ತುವೊಂದೇ, ಅಳತೆಯೂ ಹೆಚ್ಚುಕಡಿಮೆ ಒಂದೇ. ಆದರೂ ಸಿಗರೇಟಿಗೆ ದಾಸರಾದವರು ಅಸಂಖ್ಯರು, ಪಟ್ಟಿಗೆ ದಾಸರಾದವರು ಅತಿ ವಿರಳರು. ಇದೇಕೆ?

ಹಾದಿಗಳನ್ನು ನೋಡಿರಿ. ಒಳಗೆಳೆದ ಹೊಗೆಯು ಶ್ವಾಸಕೋಶದ ಕೋಟ್ಯವಧಿ ಸೂಕ್ಷ್ಮ ಗಾಳಿಚೀಲಗಳನ್ನು ಮುಟ್ಟುವದು. ಅವುಗಳ ಗೋಡೆಯು ಅತ್ಯಂತ ತೆಳುವು, ಅದರಾಚೆಗೇ ರಕ್ತವು. ಆ ರಕ್ತವು ನೆಟ್ಟಗೆ ಹೃದಯದ ಎಡಭಾಗಕ್ಕೆ ಬಂದು, ಅಲ್ಲಿಂದ ಮಿದುಳಿಗೆ ಏರುವದು. ಬೇರೆ ರಕ್ತದೊಡನೆ ಬೆರೆತು ತೆಳುವಾಗುವದಕ್ಕೆ ಅವಕಾಶವೇ ಇಲ್ಲ. ಹೀಗೆ 10ರಿಂದ 20 ಸೆಕೆಂಡುಗಳೊಳಗೆ ನಿಕೋಟಿನ್ ಮಿದುಳಿನಲ್ಲಿರುವದು. ಪಟ್ಟಿಯ ನಿಕೋಟಿನ್ನಾದರೋ ಮೊದಲು ತೊಗಲಿನ ಒಣ ಮೇಲ್ಪದರವನ್ನು ಮೆಲ್ಲಮೆಲ್ಲನೆ ದಾಟಬೇಕು; ಬಳಿಕ ಇಡೀ ದೇಹದ ರಕ್ತದಲ್ಲಿ ಬೆರೆಯಬೇಕು. ಅದರ ಪ್ರಮಾಣವು ಶಿಖರಕ್ಕೇರಲು ಹಲವು ತಾಸುಗಳು ಹಿಡಿಯುವವು.

ಈ ವೇಗದಲ್ಲಿಯೇ ಚಟದ ಬೀಜವಿರುವದು. ನಿಕೋಟಿನ್ ತಟ್ಟನೆ ಬಂದಾಗ ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವು ಉಕ್ಕಿ, ಆಗ ತಾನೇ ಮಾಡಿದ ಕೆಲಸವನ್ನು ಮತ್ತೆ ಮಾಡೆಂದು ಕಲಿಸುವದು. ಪಾಠ ಹೇಳಿದವರಿಗೆ ಇದು ಹೊಸತಲ್ಲ: ಮಗುವು ಸರಿಯಾಗಿ ಉತ್ತರಿಸಿದ ಕ್ಷಣದಲ್ಲಿ ಮೆಚ್ಚಿದರೆ ಅದರ ಮನಸ್ಸಿನಲ್ಲಿ ನಿಲ್ಲುವದು, ಸಂಜೆಗೆ ಮೆಚ್ಚಿದರೆ ಯಾತಕ್ಕೆಂದು ಅದಕ್ಕೆ ತಿಳಿಯದು. ಸಿಗರೇಟಿಗೆ 10 ಸೆಳೆತಗಳಂತೆ ಎಣಿಸಿದರೆ ನಮ್ಮ ನೇಕಾರನಿಗೆ ದಿನಕ್ಕೆ 200 ಪಾಠಗಳಾದವು. ಪಟ್ಟಿಯು ಒಂದೇ ಸಮನೆ ಒಸರುವದರಿಂದ ಹಾಗೆ ಏನನ್ನೂ ಕಲಿಸದು.

ನಮ್ಮ ಸೀಮೆಯಲ್ಲಿ ಸುಣ್ಣ ಹಚ್ಚಿ ತಿಕ್ಕಿದ ತಂಬಾಕನ್ನು ಬಾಯಲ್ಲಿಡುವವರು ಈ ಎರಡರ ನಡುವೆ ಇರುವರು. ಸುಣ್ಣದ ಕ್ಷಾರದಿಂದ ನಿಕೋಟಿನ್ ಬಾಯಿಯ ತೊಗಲನ್ನು ಸುಲಭವಾಗಿ ದಾಟುವದು. ಹೊಗೆಗಿಂತ ನಿಧಾನವಾದರೂ ಚಟ ಹತ್ತಿಸಲು ಆ ವೇಗವು ಸಾಕು.

ಪಟ್ಟಿಯ ನಿಧಾನಕ್ಕೆ ಒಂದು ಕೊರತೆಯೂ ಉಂಟು. ರಕ್ತದಲ್ಲಿಯ ನಿಕೋಟಿನ್ ಸುಮಾರು 2 ತಾಸಿಗೊಮ್ಮೆ ಅರ್ಧವಾಗುವದರಿಂದ, ರಾತ್ರಿ ಕಳೆದೆದ್ದವನಿಗೆ ತವಕವು ತೀವ್ರವಾಗಿರುವದು. ಎದ್ದ 5 ನಿಮಿಷದೊಳಗೆ ಸೇದುವವನ ಚಟವು ಬಲವಾದದ್ದೆಂದು ತಿಳಿಯಬೇಕು. ಇಂಥವನು ಪಟ್ಟಿ ಹಚ್ಚಿ, ಅರ್ಧ ತಾಸು ಕಾದು, “ಇದರಿಂದೇನೂ ಆಗಲಿಲ್ಲ” ಎಂದು ಕಿತ್ತೊಗೆಯುವನು. ತಪ್ಪು ಪಟ್ಟಿಯದಲ್ಲ, ಅದರ ಕೆಲಸವೇ ಇನ್ನೂ ಮೊದಲಾಗಿರಲಿಲ್ಲ. ಆದಕಾರಣ ವೈದ್ಯರು ಪಟ್ಟಿಯೊಡನೆ ಜಗಿಯುವ ನಿಕೋಟಿನ್ ಗಮ್ಮನ್ನೂ ಕೊಡುವದುಂಟು. ಅದನ್ನು ತುಸು ಜಗಿದು, ನಾಲಗೆ ಚುರುಗುಟ್ಟಿದೊಡನೆ ಗಲ್ಲದ ಒಳಗೆ ಒತ್ತಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಅದಕ್ಕೆ ಮುಂಚೆ ಕಾಲು ತಾಸು ಕಾಫಿಯನ್ನಾಗಲಿ ಲಿಂಬೆಯ ಪಾನಕವನ್ನಾಗಲಿ ಕುಡಿಯಬಾರದು. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಗಲ್ಲವನ್ನು ದಾಟದೆ, ಉಗುಳಿನೊಡನೆ ಹೊಟ್ಟೆಗಿಳಿದು ಬರಿಯ ಬಿಕ್ಕಳಿಕೆಯನ್ನು ತರುವದು.