ಚಿನ್ನಕ್ಕೆ ಮೂರು ದರ ಯಾಕೆ?

ಟಿವಿಯಲ್ಲಿ ಚಿನ್ನ ಇಳಿಯಿತು ಎನ್ನುತ್ತಾರೆ, ಅಂಗಡಿಗೆ ಹೋದರೆ ಬೋರ್ಡಿನ ಮೇಲೆ ನಿನ್ನೆಯದೇ ದರ. ಇದರಲ್ಲಿ ಮೋಸವೇನೂ ಇರಬೇಕಿಲ್ಲ. ಅಲ್ಲಿ ಹೇಳಿದ್ದು ಒಂದು ದರ, ಇಲ್ಲಿ ಬರೆದದ್ದು ಇನ್ನೊಂದು. ಒಂದು ಗ್ರಾಂ ಚಿನ್ನದ ಬೆನ್ನು ಹತ್ತಿ ನೋಡೋಣ.

ಈಗಲೇ ಕೊಟ್ಟು ಈಗಲೇ ಕೊಳ್ಳುವ ಗಟ್ಟಿ ಚಿನ್ನದ ಬೆಲೆಯೇ ಸ್ಪಾಟ್ ದರ. ಅದರ ದೊಡ್ಡ ಪೇಟೆ ಲಂಡನ್. ಅಲ್ಲಿನ ಲೆಕ್ಕ ಡಾಲರಿನಲ್ಲಿ, ಔನ್ಸಿಗೆ. ಒಂದು ಔನ್ಸ್ ಎಂದರೆ ಸುಮಾರು 31.1 ಗ್ರಾಂ. ಲೆಕ್ಕ ಸುಲಭವಾಗಲೆಂದು ಔನ್ಸಿಗೆ 3,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಗ್ರಾಂ ಅಪರಂಜಿಗೆ ಸುಮಾರು 8,200 ರೂಪಾಯಿ ಆಯಿತು. ಡಾಲರ್ ಬೆಲೆ ಅಲ್ಲಾಡದಿದ್ದರೂ ರೂಪಾಯಿ ಕುಸಿದರೆ ನಮಗೆ ಚಿನ್ನ ದುಬಾರಿಯೇ.

ಫ್ಯೂಚರ್ಸ್ ಎಂದರೆ ಮುಂದಿನ ತಾರೀಖಿಗೆ ಇಂದೇ ಒಪ್ಪಿಕೊಂಡ ಬೆಲೆ. ನಮ್ಮಲ್ಲಿ ಈ ವಾಯಿದೆ ವ್ಯಾಪಾರ ಮುಖ್ಯವಾಗಿ ಎಂಸಿಎಕ್ಸ್‌ನಲ್ಲಿ ನಡೆಯುತ್ತದೆ, ಬೆಲೆ 10 ಗ್ರಾಂ ಲೆಕ್ಕದಲ್ಲಿ. ಈ ಬೆಲೆಯೊಳಗೆ ಆಮದು ಸುಂಕ ಸೇರಿರುತ್ತದೆ, ಜಿಎಸ್‌ಟಿ ಇರುವುದಿಲ್ಲ. 2024ರ ಜುಲೈನಲ್ಲಿ ಕೇಂದ್ರ ಸರ್ಕಾರ ಸುಂಕವನ್ನು ಶೇ 15ರಿಂದ 6ಕ್ಕೆ ಇಳಿಸಿತು. ಆ ಶೇ 6 ಹಿಡಿದರೆ ನಮ್ಮ ಗ್ರಾಂ 8,690ಕ್ಕೆ ಬರುತ್ತದೆ. ಎರಡು ತಿಂಗಳ ನಂತರದ ವಾಯಿದೆ ಸಾಮಾನ್ಯವಾಗಿ ಇದಕ್ಕಿಂತ ಸ್ವಲ್ಪ ಹೆಚ್ಚು. ಇಂದೇ ಚಿನ್ನ ಕೊಂಡು ಇಟ್ಟುಕೊಳ್ಳುವವನಿಗೆ ಹಣದ ಬಡ್ಡಿ ತಗಲುತ್ತದೆ, ಕಾವಲು, ವಿಮೆ ಬೇರೆ. ವಾಯಿದೆಯವನಿಗೆ ಆ ಖರ್ಚಿಲ್ಲ, ಅದನ್ನೇ ಬೆಲೆಯಲ್ಲಿ ಕೊಡುತ್ತಾನೆ. ತಾರೀಖು ಹತ್ತಿರವಾದಂತೆ ಬಡ್ಡಿಯ ದಿನಗಳು ಕಡಿಮೆಯಾಗಿ ಎರಡೂ ಬೆಲೆ ಒಂದಾಗುತ್ತವೆ.

ಇನ್ನು ನಮ್ಮ ಬೀದಿಯ ಅಂಗಡಿ. ಒಡವೆಗೆ ಬಳಸುವುದು ಹೆಚ್ಚಾಗಿ 22 ಕ್ಯಾರಟ್, ಅಂದರೆ ನೂರರಲ್ಲಿ ಸುಮಾರು 91.6 ಪಾಲು ಚಿನ್ನ. 8,690ರಲ್ಲಿ ಆ ಪಾಲು ಸುಮಾರು 7,965. ವ್ಯಾಪಾರಿಗಳ ಲಾಭ ಸೇರಿ ಬೋರ್ಡ್ ರೇಟ್ 8,000 ಎನ್ನೋಣ. ಊರಿನ ವರ್ತಕರ ಸಂಘ ಇದನ್ನು ಸಾಮಾನ್ಯವಾಗಿ ಬೆಳಿಗ್ಗೆ ನಿಗದಿ ಮಾಡುತ್ತದೆ. ವಾಯಿದೆ ಪೇಟೆಯೋ ರಾತ್ರಿ ಹನ್ನೊಂದು ದಾಟಿದರೂ ತೆರೆದಿರುತ್ತದೆ. ಸಂಜೆಯ ಇಳಿತ ಬೋರ್ಡಿಗೆ ಬರಲು ಮರುದಿನವಾಗುವುದು ಹೀಗೆ. ಬೇಡಿಕೆಯೂ ಆಟವಾಡುತ್ತದೆ: ಅಕ್ಷಯ ತೃತೀಯದ ಮುಂಚೆ ಸಗಟು ವ್ಯಾಪಾರಿ ಮೇಲೆ ಒಂದಿಷ್ಟು ಕೇಳಬಹುದು, ಬೆಲೆ ಏರಿ ಗಿರಾಕಿಗಳು ಹಿಂಜರಿದಾಗ ತಾನೇ ರಿಯಾಯಿತಿ ಕೊಡುತ್ತಾನೆ.

ಆದರೆ ದೊಡ್ಡ ವ್ಯತ್ಯಾಸ ಬರುವುದು ಬಿಲ್ಲಿನಲ್ಲಿ. 10 ಗ್ರಾಂ ಸರಕ್ಕೆ ಬೋರ್ಡ್ ರೇಟಿನಂತೆ 80,000. ಮಜೂರಿ, ವೇಸ್ಟೇಜ್ ಸೇರಿ ಶೇ 12 ಎಂದರೆ 9,600. ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ 2,688. ಕೈಯಿಂದ ಹೋಗುವುದು 92,288 ರೂಪಾಯಿ. ಸರದೊಳಗಿನ ಚಿನ್ನಕ್ಕೆ ಲಂಡನ್ ದರದಲ್ಲಿ ಬರುವುದು ಸುಮಾರು 75,000. ನಾಳೆಯೇ ಮಾರಲು ಹೋದರೂ ಮಜೂರಿ, ತೆರಿಗೆ ವಾಪಸ್ ಬರುವುದಿಲ್ಲ.

ಹೀಗಾಗಿ ಎರಡು ಅಂಗಡಿಗಳನ್ನು ಹೋಲಿಸುವಾಗ ಬೋರ್ಡ್ ರೇಟ್ ಮಾತ್ರ ನೋಡಬೇಡಿ. ತೂಕ, ವೇಸ್ಟೇಜ್, ತೆರಿಗೆಗಳನ್ನು ಬೇರೆ ಬೇರೆ ಬರೆದುಕೊಡಲು ಹೇಳಿ, ಚೌಕಾಸಿಯನ್ನು ವೇಸ್ಟೇಜ್ ಮೇಲೆ ಮಾಡಿ.