ಮೈಕ್ರೊವೇವ್ ತಿರುಗುತ್ತದೆ, ಬಿಸಿ ಮಾತ್ರ ಆಗುವುದಿಲ್ಲ: ಏಕೆ?

ದೀಪ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಫ್ಯಾನ್ ಓಡುತ್ತದೆ. ಆದರೆ ಒಳಗಿಟ್ಟ ಅನ್ನ ಹಾಗೆಯೇ ತಣ್ಣಗಿರುತ್ತದೆ. ಕಳೆದ ಮಳೆಗಾಲದಲ್ಲಿ ಬಲ್ಮಠದ ನಮ್ಮ ಮನೆಯ ಓವನ್‌ಗೆ ಹೀಗಾಯಿತು. ಅಂಗಡಿಯೊಂದರಲ್ಲಿ ಕೇಳಿದಾಗ, ತೆರೆದು ನೋಡುವ ಮೊದಲೇ “ಮ್ಯಾಗ್ನೆಟ್ರಾನ್ ಹೋಗಿದೆ” ಎಂದರು. ಅದು ದುಬಾರಿ ಭಾಗ. ಅಮ್ಮಿ ಒಪ್ಪದೆ, ಇದೇ ಕೆಲಸದಲ್ಲಿರುವ ಮಾಮು ಅವರನ್ನು ಕರೆದರು. ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ನಾನು ಕಾಮರ್ಸ್ ವಿದ್ಯಾರ್ಥಿ, ಆದ್ದರಿಂದ ಸೈನ್ಸ್‌ನವರು ಸ್ವಲ್ಪ ಸಹಿಸಿಕೊಳ್ಳಬೇಕು.

ದೀಪ, ಫ್ಯಾನ್, ತಟ್ಟೆಯ ಮೋಟಾರು ಇವೆಲ್ಲ ಮನೆಯ 230 ವೋಲ್ಟ್ ಭಾಗಕ್ಕೆ ಸೇರಿದವು. ಬಿಸಿ ಮಾಡುವ ಭಾಗ ಬೇರೆಯೇ. ಅಲ್ಲಿ ಒಂದು ಭಾರವಾದ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು ಸುಮಾರು 4000 ವೋಲ್ಟ್ ಮಾಡಿ ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಮ್ಯಾಗ್ನೆಟ್ರಾನ್ ಅದರಿಂದ ಆಹಾರ ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುತ್ತದೆ. ಈ ಸಾಲಿನಲ್ಲಿ ಯಾವುದು ಕೆಟ್ಟರೂ ಹೊರಗಿನಿಂದ ಕಾಣುವ ಲಕ್ಷಣ ಒಂದೇ.

ಮಾಮು ಮೊದಲು ಸ್ಕ್ರೂಡ್ರೈವರ್ ಕೇಳಲಿಲ್ಲ, ನೀರು ಕೇಳಿದರು. ಒಂದು ಲೀಟರ್ ನೀರನ್ನು ಥರ್ಮಾಮೀಟರಿನಿಂದ ಅಳೆದರು, 28 ಡಿಗ್ರಿ ಇತ್ತು. ಪವರ್ ಪೂರ್ತಿ ಇದೆ, ಡಿಫ್ರಾಸ್ಟ್‌ನಲ್ಲಿಲ್ಲ ಎಂದು ನೋಡಿ 60 ಸೆಕೆಂಡ್ ಓಡಿಸಿದರು. ಆಮೇಲೂ 28.

“ಈಗ ಸದ್ದು ಕೇಳು ಬೇಟಾ” ಎಂದರು. ಫ್ಯಾನಿನ ಸದ್ದಿನ ಜೊತೆಗೆ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ಬರಲೇ ಇಲ್ಲವೆಂದರೆ ಅದಕ್ಕೆ ಕರೆಂಟೇ ಹೋಗುತ್ತಿಲ್ಲ. ಆಗ ಬಾಗಿಲಿನ ಸ್ವಿಚ್ ಅಥವಾ ರಿಲೇಯನ್ನು ಅನುಮಾನಿಸಬೇಕು. ಸದ್ದು ಮಾಮೂಲಾಗಿದ್ದೂ ಬಿಸಿಯಾಗದಿದ್ದರೆ ಮ್ಯಾಗ್ನೆಟ್ರಾನ್ ಕೆಟ್ಟಿರಬಹುದು, ಅಥವಾ ಡಯೋಡ್ ಒಳಗೇ ಕಡಿದುಹೋಗಿರಬಹುದು. ಸದ್ದು ಎಂದಿಗಿಂತ ಜೋರಾಗಿ, ಗುರುಗುಟ್ಟಿದಂತೆ ಬಂದರೆ ಹೆಚ್ಚಾಗಿ ಡಯೋಡ್ ಅಥವಾ ಕೆಪಾಸಿಟರ್ ಶಾರ್ಟ್ ಆಗಿರುತ್ತದೆ. ನಮ್ಮದು ಗುರುಗುಟ್ಟುತ್ತಿತ್ತು. ತಕ್ಷಣ ಆಫ್ ಮಾಡಿದರು.

ಇಲ್ಲಿಗೆ ನಿಮ್ಮ, ನನ್ನ ಕೆಲಸ ಮುಗಿಯಿತು. ಮುಂದಿನದು ತರಬೇತಿ ಪಡೆದವರಿಗೆ ಮಾತ್ರ. ಪ್ಲಗ್ ಕಿತ್ತರೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿಯಬಹುದು, ಅದು ಜೀವ ತೆಗೆಯುವಷ್ಟಿರಬಹುದು. ಚಾರ್ಜನ್ನು ತಾನಾಗಿ ಇಳಿಸಲು ಒಳಗೊಂದು ರೆಸಿಸ್ಟರ್ ಇರುತ್ತದೆ, ಆದರೆ ಅದೇ ಕೆಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಮಾಮು ಪ್ಲಗ್ ತೆಗೆದು, ಕೆಲವು ನಿಮಿಷ ಕಾದು, ಆಮೇಲೆ ಇನ್ಸುಲೇಟೆಡ್ ಉಪಕರಣದಿಂದ ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡಿದರು. ಒಂದು ಕೈ ಜೇಬಿನಲ್ಲೇ ಇತ್ತು, ಕರೆಂಟ್ ಎದೆಯ ಮೂಲಕ ಹಾದುಹೋಗದಿರಲೆಂದು. ಮುಚ್ಚಳ ತೆರೆದಿದ್ದಾಗ ಓವನ್ ಓಡಿಸಿ ವೋಲ್ಟೇಜ್ ಅಳೆಯುವ ಕೆಲಸ ಅವರೂ ಮಾಡುವುದಿಲ್ಲ. ಸಾಮಾನ್ಯ ಮಲ್ಟಿಮೀಟರ್ 4000 ವೋಲ್ಟಿಗೆ ಮಾಡಿದ್ದಲ್ಲ.

ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕು. ಆದರೆ ಓವನ್‌ನ ಡಯೋಡನ್ನು ಮೀಟರಿನಲ್ಲಿ ನೇರವಾಗಿ ನೋಡಿದರೆ ಒಳ್ಳೆಯದೂ ಎರಡು ದಿಕ್ಕಿಗೂ ಬಂದ್ ಆದಂತೆ ತೋರಿಸುತ್ತದೆ, ಏಕೆಂದರೆ ಅದನ್ನು ತೆರೆಯಲು ಮೀಟರಿನ ವೋಲ್ಟೇಜ್ ಸಾಲದು. ಇದನ್ನು ತಿಳಿಯದವರು ಒಳ್ಳೆಯ ಡಯೋಡನ್ನೇ ಎಸೆದುಬಿಡುತ್ತಾರೆ. ಮಾಮು ಅದನ್ನು ಬಿಚ್ಚಿ ಹೊರತೆಗೆದು, 9 ವೋಲ್ಟ್ ಬ್ಯಾಟರಿಯ ಜೊತೆ ಸಾಲಾಗಿ ಜೋಡಿಸಿ ಅಳೆದರು. ಒಳ್ಳೆಯದಾಗಿದ್ದರೆ ಒಂದು ದಿಕ್ಕಿಗೆ 9ಕ್ಕಿಂತ ಕಡಿಮೆ ವೋಲ್ಟ್ ಬಂದು, ತಿರುಗಿಸಿದರೆ ಸೊನ್ನೆ ಬರಬೇಕು. ನಮ್ಮದರಲ್ಲಿ ಎರಡೂ ದಿಕ್ಕಿಗೆ 9 ವೋಲ್ಟೇ ಬಂತು. ಶಾರ್ಟ್!

ಆದರೂ ಮ್ಯಾಗ್ನೆಟ್ರಾನನ್ನು ಬಿಡಲಿಲ್ಲ. ಅದು ಒಳಗೆ ಶಾರ್ಟ್ ಆಗಿದ್ದರೆ ಹೊಸ ಡಯೋಡೂ ಸುಟ್ಟುಹೋಗಬಹುದು. ವಯರುಗಳನ್ನು ತೆಗೆದು ಅದರ ಎರಡು ಟರ್ಮಿನಲ್‌ಗಳ ನಡುವೆ ಅಳೆದಾಗ ಒಂದು ಓಮ್‌ಗಿಂತ ಕಡಿಮೆ ಬಂತು, ಎಂದರೆ ಫಿಲಮೆಂಟ್ ಸರಿಯಿದೆ. ಟರ್ಮಿನಲ್‌ನಿಂದ ಲೋಹದ ಮೈಗೆ ಸಂಪರ್ಕವೇ ಇರಲಿಲ್ಲ, ಅದೂ ಸರಿ. ಕೆಪಾಸಿಟರನ್ನೂ ಬೇರೆಯಾಗಿ ಪರೀಕ್ಷಿಸಿದರು.

ಬಾಗಿಲಿನ ಸ್ವಿಚ್‌ಗಳ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಮೂರು ಇರುತ್ತವೆ. ಎರಡು ಬಾಗಿಲು ಮುಚ್ಚಿದಾಗ ಮಾತ್ರ ಕರೆಂಟ್ ಬಿಡುತ್ತವೆ. ಮೂರನೆಯದು ಕಾವಲುಗಾರ: ಬಾಗಿಲು ತೆರೆದಾಗಲೂ ಮುಖ್ಯ ಸ್ವಿಚ್ ಅಂಟಿಕೊಂಡಿದ್ದರೆ ಅದು ಬೇಕೆಂದೇ ಫ್ಯೂಸ್ ಹಾರಿಸುತ್ತದೆ. ಸ್ವಿಚ್ ಕೆಟ್ಟಾಗ ವಯರ್ ಸುತ್ತಿ ನೇರ ಜೋಡಿಸುವವರಿದ್ದಾರೆ. ಹಾಗೆ ಮಾಡಿದ ಓವನ್ ಬಾಗಿಲು ತೆರೆದೇ ಓಡಬಹುದು. ಆಗ ಅಲೆಗಳು ನೇರ ನಮ್ಮ ಮೇಲೆ ಬೀಳುತ್ತವೆ, ಕಣ್ಣಿಗೆ ವಿಶೇಷವಾಗಿ ಅಪಾಯ. ಅಂಥ ರಿಪೇರಿಗೆ ಯಾರೂ ದುಡ್ಡು ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಹೊಸ ಡಯೋಡ್ ಹಾಕಿ, ಮುಚ್ಚಳ ಮುಚ್ಚಿ, ಮತ್ತೆ ಅದೇ ನೀರಿನ ಪರೀಕ್ಷೆ. 28 ಡಿಗ್ರಿಯಿಂದ 38ಕ್ಕೆ ಏರಿತು. ಒಂದು ಲೀಟರ್, ಒಂದು ನಿಮಿಷ ಎಂದಾಗ ಏರಿದ ಪ್ರತಿ ಡಿಗ್ರಿಗೆ ಸುಮಾರು 70 ವ್ಯಾಟ್ ಲೆಕ್ಕ. ಹತ್ತು ಡಿಗ್ರಿಗೆ 700. ಹಿಂಭಾಗದ ಚೀಟಿಯಲ್ಲಿ 800 ಎಂದಿದೆ. ಪಾತ್ರೆಯೂ ಸ್ವಲ್ಪ ಶಾಖ ಹೀರುವುದರಿಂದ ಇಷ್ಟು ಬಂದರೆ ಸಾಕು ಎಂದು ಮಾಮು ಸ್ಕ್ರೂ ಬಿಗಿದರು.